‘ಶುಗರ್ ವಾಸಿ’ ಎಂದು ಸ್ಟೇಟಸ್ ಹಾಕುವ ಮುನ್ನ

ಬಿಪಿ, ಶುಗರ್, ಅಸ್ತಮಾ ವಾಸಿ ಮಾಡುತ್ತೇವೆ ಎಂಬ ಪತಂಜಲಿ ಜಾಹೀರಾತುಗಳ ವಿಚಾರದಲ್ಲಿ 2024ರಲ್ಲಿ ಬಾಬಾ ರಾಮ್‌ದೇವ್ ಸುಪ್ರೀಂ ಕೋರ್ಟಿನ ಮುಂದೆ ಕ್ಷಮೆ ಕೇಳಬೇಕಾಯಿತು. ಭಾರತದ 1954ರ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹವೂ ಇದೆ. ಅದನ್ನು ಗುಣಪಡಿಸುವ ಮದ್ದು ಎಂದು ಜಾಹೀರಾತು ಕೊಡುವುದೇ ಅಪರಾಧ.

ಒಮಾನ್‌ನಲ್ಲಿ ಕ್ರೀಮು, ಪೌಡರ್ ಮಾರುವ ನಮ್ಮವರಿಗೂ ಇದು ಸಂಬಂಧಪಟ್ಟ ವಿಷಯ. ಇಲ್ಲಿನ 66/2014ರ ರಾಜಾಜ್ಞೆ, ಅಂದರೆ ಗ್ರಾಹಕ ಸಂರಕ್ಷಣಾ ಕಾನೂನು, ದಾರಿ ತಪ್ಪಿಸುವ ಜಾಹೀರಾತನ್ನು ಒಪ್ಪುವುದಿಲ್ಲ. ವಾಟ್ಸಾಪ್ ಸ್ಟೇಟಸ್ ಹಾಕಿ ಮಾರಿದರೆ ಅದೂ ಜಾಹೀರಾತೇ.

ಒಂದು ಉದಾಹರಣೆ ನೋಡಿ: ‘7 ದಿನದಲ್ಲಿ ಬಿಳುಪು, ಎಕ್ಸಿಮಾ ಮಾಯ, 100% ಸೈಡ್ ಎಫೆಕ್ಟ್ ಇಲ್ಲ.’ ಎಕ್ಸಿಮಾ ಕಾಯಿಲೆ. ಅದು ಮಾಯವಾಗುತ್ತೆ ಎಂದ ಕೂಡಲೇ ನಿಮ್ಮ ಕ್ರೀಮು ಸೌಂದರ್ಯವರ್ಧಕವಾಗಿ ಉಳಿಯದೆ ಔಷಧಿಯ ಲೆಕ್ಕಕ್ಕೆ ಬೀಳುತ್ತದೆ. ‘7 ದಿನ’ಕ್ಕೆ ಪರೀಕ್ಷೆಯ ವರದಿ ಬೇಕು. ‘ಸೈಡ್ ಎಫೆಕ್ಟ್ ಇಲ್ಲ’ ಎಂಬುದನ್ನು ಸಾಬೀತು ಮಾಡಲು ಆಗುವುದೇ ಇಲ್ಲ, ಯಾಕಂದ್ರೆ ಅರಿಶಿನ, ತೆಂಗಿನೆಣ್ಣೆಯೂ ಕೆಲವರಿಗೆ ಅಲರ್ಜಿ.

ಹೀಗೆ ಬರೆಯಬಹುದು: ‘ತೆಂಗಿನೆಣ್ಣೆ, ಅರಿಶಿನ ಇರುವ ಕ್ರೀಮು. ಒಣ ಚರ್ಮವನ್ನು ಮೃದುವಾಗಿಡುತ್ತದೆ. ಮೊದಲು ಕೈಮೇಲೆ ಸ್ವಲ್ಪ ಹಚ್ಚಿ ನೋಡಿ.’

ಗಿರಾಕಿ ಕಳಿಸಿದ ‘ನನ್ನ ಶುಗರ್ ಇಳಿಯಿತು’ ವಾಯ್ಸ್ ಮೆಸೇಜನ್ನು ಫಾರ್ವರ್ಡ್ ಮಾಡಿದರೂ ಆ ಮಾತು ನಿಮ್ಮದೇ ಆಗುತ್ತದೆ. ಅವರು ಅದೇ ವೇಳೆ ಮಾತ್ರೆಯನ್ನೂ ತಗೊಂಡಿರಬಹುದು. ಅದನ್ನು ನಂಬಿ ಇನ್ನೊಬ್ಬರು ಇನ್ಸುಲಿನ್ ನಿಲ್ಲಿಸಿದರೆ ಹೋಗುವುದು ಜೀವ.

ಪದ ತಿದ್ದಿದರೆ ಮಾರಾಟಕ್ಕೆ ಪರವಾನಗಿ ಸಿಕ್ಕಂತಲ್ಲ. ಆರೋಗ್ಯ ಪೌಡರ್, ಕ್ಯಾಪ್ಸೂಲ್ ಮಾರುವ ಮುನ್ನ ಆರೋಗ್ಯ ಸಚಿವಾಲಯದಲ್ಲಿ ವಿಚಾರಿಸಿ.