ಹ್ಯಾಂಡ್‌ಓವರ್ ಟಿಪ್ಪಣಿಯ ಮೊದಲ ಸಾಲು ಯಾರದು?

ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯಿರಲಿ, ಬಸವೇಶ್ವರನಗರದ ಒಂದು ಸಣ್ಣ ನರ್ಸಿಂಗ್ ಹೋಮ್ ಇರಲಿ, ಡ್ಯೂಟಿ ಬದಲಾಗುವಾಗ ಹೋಗುವ ನರ್ಸ್ ಬರುವ ನರ್ಸ್‌ಗೆ ರೋಗಿಗಳನ್ನು ಒಪ್ಪಿಸುತ್ತಾರೆ. ಆಗ ಬರೆಯುವ ಟಿಪ್ಪಣಿ ಸಾಮಾನ್ಯವಾಗಿ ಬೆಡ್ ನಂಬರ್ ಪ್ರಕಾರ ಸಾಗುತ್ತದೆ: ಒಂದನೆಯ ಬೆಡ್‌ನಿಂದ ಕೊನೆಯ ಬೆಡ್‌ವರೆಗೆ, ಹಗಲು ಏನೇನು ಆಯಿತು ಎಂದು. ಈ ಕ್ರಮವೇ ತಪ್ಪು ಎಂಬುದು ನನ್ನ ವಾದ. ಟಿಪ್ಪಣಿ ಇರುವುದು ಮುಗಿದ ಪಾಳಿಯ ವರದಿ ಒಪ್ಪಿಸಲಿಕ್ಕಲ್ಲ. ಮುಂದಿನ ಪಾಳಿಯಲ್ಲಿ ಮೊದಲು ಯಾರ ಹತ್ತಿರ ಹೋಗಬೇಕು, ಯಾವ ಕೆಲಸ ಎಷ್ಟು ಗಂಟೆಗೆ ಮಾಡಬೇಕು, ಮನೆಯವರು ಏನನ್ನು ಕಂಡಿದ್ದಾರೆ ಎಂದು ತಿಳಿಸಲಿಕ್ಕೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ನಿರ್ದಿಷ್ಟವಾಗಿ ಯಾವ ಆಸ್ಪತ್ರೆಯದೂ ಅಲ್ಲ, ಕೆಂಗೇರಿಯಿಂದ ರಾಜಾಜಿನಗರದವರೆಗೆ ಯಾವ ಮೂಳೆ ವಾರ್ಡಿನಲ್ಲಾದರೂ ಕಾಣಬಹುದಾದದ್ದು. ಬೆಡ್ 12ರಲ್ಲಿ ಮಾಗಡಿ ಕಡೆಯ 68 ವರ್ಷದ ತಾಯಿ, ತೂಕ 60 ಕೆಜಿ. ಬಿದ್ದು ಸೊಂಟದ ಮೂಳೆ ಮುರಿದು, ನಿನ್ನೆ ಆಪರೇಷನ್ ಆಗಿದೆ. ರಾತ್ರಿ 8ಕ್ಕೆ ಅವರ ಬಗ್ಗೆ ಬರೆಯುವ ಸಾಲುಗಳು ಹೆಚ್ಚಾಗಿ ಹೀಗಿರುತ್ತವೆ: ‘ಸೊಂಟದ ಆಪರೇಷನ್, ಎರಡನೇ ದಿನ. ಬಿಪಿ, ಶುಗರ್ ಇದೆ. ಡ್ರಿಪ್ ನಡೀತಿದೆ. ರಕ್ತಕ್ಕೆ ಕಳಿಸಿದೆ. ಇಂಜೆಕ್ಷನ್ ಚಾರ್ಟ್ ಪ್ರಕಾರ. ಅಟೆಂಡರ್ ಪದೇ ಪದೇ ಬಂದು ಕೇಳ್ತಿದ್ದಾರೆ.’

ಇದರಲ್ಲಿ ಒಂದು ಸಾಲೂ ಸುಳ್ಳಲ್ಲ. ಆದರೂ ಅಪಾಯ ಇದರಲ್ಲಿ ಕಾಣುವುದಿಲ್ಲ. ಚಾರ್ಟ್ ತೆಗೆದು ನೋಡಿ: ಬೆಳಿಗ್ಗೆ 88 ಇದ್ದ ನಾಡಿ ಸಂಜೆ 7ಕ್ಕೆ 114. ಬಿಪಿ 130/80 ಇದ್ದದ್ದು 106/64. ಈ ತೂಕದವರಿಗೆ ಗಂಟೆಗೆ ಸುಮಾರು 30 ಎಂಎಲ್‌ನಂತೆ 6 ಗಂಟೆಯಲ್ಲಿ ಕನಿಷ್ಠ 180 ಎಂಎಲ್ ಮೂತ್ರ ಬರಬೇಕು. ಮಧ್ಯಾಹ್ನ 2ರಿಂದ ಬ್ಯಾಗಿಗೆ ಬಂದಿರುವುದು 110. ಆಪರೇಷನ್‌ಗೆ ಮುಂಚೆ 10.8 ಇದ್ದ ಹಿಮೋಗ್ಲೋಬಿನ್ ಈಗ 8.1. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ಒಂದು ಸಮಾಧಾನ ಸಿಗುತ್ತದೆ: ನೋವಿಗೆ ನಾಡಿ ಏರಿರಬಹುದು, ನೀರು ಕಡಿಮೆ ಕುಡಿದಿರಬಹುದು. ನಾಲ್ಕನ್ನೂ ಒಟ್ಟಿಗೆ ಓದಿದರೆ ಒಳಗೆಲ್ಲೋ ರಕ್ತ ಹೋಗುತ್ತಿದೆಯೇ ಎಂಬ ಅನುಮಾನ ಏಳಲೇಬೇಕು. ರಾತ್ರಿ 9ಕ್ಕೆ ಕೊಡಬೇಕಾದ ಇಂಜೆಕ್ಷನ್ ಎನೊಕ್ಸಾಪರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ. ‘ಚಾರ್ಟ್ ಪ್ರಕಾರ’ ಎಂಬ ಎರಡು ಪದ ಓದಿದ ಹೊಸ ನರ್ಸ್ ಅದನ್ನು ನಿಷ್ಠೆಯಿಂದ ಕೊಟ್ಟುಬಿಡುತ್ತಾರೆ.

ಇನ್ನು ‘ಪದೇ ಪದೇ ಬಂದು ಕೇಳ್ತಿದ್ದಾರೆ’ ಎಂಬ ಸಾಲು. ಮಗಳು ಸಂಜೆ 5ರಿಂದ ಕೇಳುತ್ತಿದ್ದದ್ದು ಇಷ್ಟು: ‘ಸಿಸ್ಟರ್, ಅಮ್ಮ ಊರಲ್ಲಿದ್ದೀನಿ ಅಂತ ಮಾತಾಡ್ತಿದ್ದಾರೆ. ಬೆಳಿಗ್ಗೆ ಹೀಗಿರಲಿಲ್ಲ.’ ಇದನ್ನು ಕಿರಿಕಿರಿ ಎಂದು ಬರೆಯುವುದಕ್ಕೂ ಲಕ್ಷಣ ಎಂದು ಬರೆಯುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್ 2’ ಎಂಬ ಎಚ್ಚರಿಕೆ ಅಂಕಪಟ್ಟಿಯಲ್ಲಿ ನಾಡಿ 114ಕ್ಕೆ 2 ಅಂಕ, ಮೇಲಿನ ಬಿಪಿ 106ಕ್ಕೆ 1 ಅಂಕ. ಉಸಿರು, ಆಕ್ಸಿಜನ್, ಜ್ವರ ಸರಿಯಾಗಿದ್ದರೆ ಒಟ್ಟು 3. ಅಂದರೆ 4ರಿಂದ 6 ಗಂಟೆಗೊಮ್ಮೆ ನೋಡಿದರೆ ಸಾಕು ಎಂಬ ಕಡಿಮೆ ಅಪಾಯದ ಗುಂಪು. ಹೊಸದಾಗಿ ಕಾಣಿಸಿಕೊಂಡ ಗೊಂದಲಕ್ಕೆ ಅದೇ ಪಟ್ಟಿ ಕೊಡುವುದು 3 ಅಂಕ. ಮಗಳ ಮಾತನ್ನು ಸೇರಿಸಿದ ಕೂಡಲೇ ಒಟ್ಟು 6 ಆಗುತ್ತದೆ: ವೈದ್ಯರು ತುರ್ತಾಗಿ ನೋಡಬೇಕು, ಕನಿಷ್ಠ ಗಂಟೆಗೊಮ್ಮೆ ಪರೀಕ್ಷಿಸಬೇಕು. ಈ ಪಟ್ಟಿ ಬಳಸದ ವಾರ್ಡಿಗೂ ತರ್ಕ ಅದೇ. ಆ ತಾಯಿ ನಿನ್ನೆ ಹೇಗೆ ಮಾತಾಡುತ್ತಿದ್ದರು ಎಂದು ಯಾವ ಮಾನಿಟರಿಗೂ ಗೊತ್ತಿಲ್ಲ, ಮಗಳಿಗೆ ಗೊತ್ತು. ನರ್ಸ್‌ಗೆ ಕನ್ನಡ ಅಷ್ಟಾಗಿ ಬಾರದಿದ್ದರಂತೂ ಈ ಬದಲಾವಣೆ ಹಿಡಿಯಲು ಮಗಳೇ ಗತಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ರಾತ್ರಿ 8ರ ಹೊತ್ತಿಗೆ ಮನೆಯವರ ಪಾಳಿಯೂ ಬದಲಾಗುತ್ತದೆ. ಹಗಲೆಲ್ಲ ಇದ್ದ ಮಗಳು ಅಟೆಂಡರ್ ಪಾಸನ್ನು ತಮ್ಮನ ಕೈಗೆ ಕೊಟ್ಟು ವಿಜಯನಗರದ ಮನೆಗೆ ಹೊರಡುತ್ತಾಳೆ. ಹಗಲಿನ ನರ್ಸ್, ಹಗಲಿನ ಮಗಳು ಇಬ್ಬರೂ ಒಟ್ಟಿಗೆ ಹೋದರೆ, ಬೆಳಿಗ್ಗೆ ಆ ತಾಯಿ ಹೇಗಿದ್ದರೆಂದು ಬಲ್ಲವರು ವಾರ್ಡಿನಲ್ಲಿ ಯಾರೂ ಉಳಿಯುವುದಿಲ್ಲ.

ಹಾಗಾದರೆ ಟಿಪ್ಪಣಿ ಹೇಗಿರಬೇಕು? ಮೊದಲಿಗೆ, ಕಾಯಲಾಗದ್ದನ್ನು ಒಪ್ಪಿಸಿ ಹೋಗಕೂಡದು. ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡುವುದು ‘ಬಾಕಿ ಕೆಲಸ’ ಅಲ್ಲ. ಅದನ್ನು ಮಾಡಿಯೇ ಪೆನ್ನು ಹಿಡಿಯಬೇಕು. ಗೊಂದಲಕ್ಕೆ ಶುಗರ್ ಇಳಿದದ್ದೂ ಕಾರಣವಾಗಿರಬಹುದಾದ್ದರಿಂದ ಅದನ್ನೂ ಆಗಲೇ ನೋಡಬೇಕು. ಆಮೇಲೆ ಬೆಡ್ 12 ಹಾಳೆಯ ತಲೆಯ ಮೇಲೆ ಬರುತ್ತದೆ:

‘ಅಪಾಯ: ರಕ್ತಸ್ರಾವದ ಶಂಕೆ. ನಾಡಿ 88ರಿಂದ 114, ಬಿಪಿ 130/80ರಿಂದ 106/64, 6 ಗಂಟೆಯಲ್ಲಿ ಮೂತ್ರ 110, ಹಿಮೋಗ್ಲೋಬಿನ್ 10.8ರಿಂದ 8.1. ಸಂಜೆ 5ರಿಂದ ಹೊಸ ಗೊಂದಲ. 7:50ಕ್ಕೆ ಶುಗರ್ 132. ಡ್ಯೂಟಿ ಡಾಕ್ಟರ್‌ಗೆ 7:52ಕ್ಕೆ ಹೇಳಿದೆ. 8:15ರೊಳಗೆ ಬಾರದಿದ್ದರೆ ಮೂಳೆ ವಿಭಾಗದ ಆನ್‌ಕಾಲ್ ಡಾಕ್ಟರ್‌ಗೆ ಫೋನ್ ಮಾಡಿ.

ಬಾಕಿ: 9ರ ಎನೊಕ್ಸಾಪರಿನ್ ಡಾಕ್ಟರ್ ನೋಡುವವರೆಗೆ ಕೊಡಬೇಡಿ, ಫೋನಿನಲ್ಲಿ ಅವರೇ ಹೇಳಿದ್ದು. ಒಂದು ಬಾಟಲ್ ರಕ್ತಕ್ಕೆ ಕ್ರಾಸ್ ಮ್ಯಾಚ್ 6:30ಕ್ಕೆ ಕಳಿಸಿದೆ, 8:30ಕ್ಕೆ ಬ್ಲಡ್ ಬ್ಯಾಂಕ್‌ಗೆ ವಿಚಾರಿಸಿ. 7:30ಕ್ಕೆ ಇನ್ಸುಲಿನ್ ಕೊಟ್ಟಿದೆ, ತಿಂದದ್ದು ಅರ್ಧ ಇಡ್ಲಿ. 8:30ಕ್ಕೆ, ಆಮೇಲೆ ಗಂಟೆಗೊಮ್ಮೆ ಶುಗರ್ ನೋಡಿ, 70ಕ್ಕಿಂತ ಕೆಳಗಿಳಿದರೆ ತಕ್ಷಣ ಡಾಕ್ಟರ್‌ಗೆ ತಿಳಿಸಿ.

ಮನೆಯವರು: ಗೊಂದಲ ಮೊದಲು ಗಮನಿಸಿದ್ದು ಮಗಳು, 8ಕ್ಕೆ ಹೊರಡುತ್ತಾರೆ, ಫೋನ್ ನಂಬರ್ ಚಾರ್ಟಿನಲ್ಲಿದೆ. ರಾತ್ರಿ ಮಗ ಇರುತ್ತಾರೆ. ರಕ್ತ ಕೊಡುವ ವಿಷಯ ಅವರಿಗೆ ಹೇಳಿಲ್ಲ, ಒಪ್ಪಿಗೆ ಸಹಿ ಆಗಿಲ್ಲ.’

ಪ್ರತಿ ಬಾಕಿ ಕೆಲಸಕ್ಕೂ ಗಂಟೆ ಇದೆ. ಅಂದುಕೊಂಡಂತೆ ಆಗದಿದ್ದರೆ ಮುಂದೇನು ಎಂಬುದು ಬೇಕಾದಲ್ಲಿ ಇದೆ. ಓದಿದ ನರ್ಸ್ ಇದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು: ‘ಮೊದಲು 12, 9ರ ಇಂಜೆಕ್ಷನ್ ತಡೆ, 8:15ಕ್ಕೆ ಎರಡನೇ ಫೋನ್.’ ಅಮೆರಿಕದ ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರ ಹಸ್ತಾಂತರಕ್ಕೆಂದು ರೂಪಿಸಿದ ‘ಐ-ಪಾಸ್’ ಕ್ರಮವೂ ರೋಗಿಯ ಸ್ಥಿತಿ ಎಷ್ಟು ಗಂಭೀರ ಎಂಬುದರಿಂದ ಶುರುವಾಗಿ, ಕೇಳಿಸಿಕೊಂಡವರು ತಿರುಗಿ ಹೇಳುವುದರೊಂದಿಗೆ ಮುಗಿಯುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಲ್ಲ. 30 ಬೆಡ್‌ಗೆ ಇಬ್ಬರೇ ನರ್ಸ್ ಇರುವಲ್ಲಿ ಇಷ್ಟೆಲ್ಲ ಬರೆಯುವುದು ಹೇಗೆ? ಎಲ್ಲರಿಗೂ ಇಷ್ಟು ಬರೆಯಬೇಕಿಲ್ಲ. ಮೂರ್ನಾಲ್ಕು ಮಂದಿಗೆ ಹೀಗೆ, ಉಳಿದವರಿಗೆ ಒಂದೊಂದು ಸಾಲು. ಎಲ್ಲರಿಗೂ ಸಮನಾಗಿ ನಾಲ್ಕು ಸಾಲು ಬರೆಯುವುದರಲ್ಲೇ ಹೊತ್ತು ಹೆಚ್ಚು ಹೋಗುತ್ತದೆ. ಬೆಡ್ ಕ್ರಮ ಬಿಟ್ಟರೆ ಯಾರಾದರೂ ತಪ್ಪಿಹೋಗಬಹುದಲ್ಲ? ಹೌದು, ಅದಕ್ಕೇ ಇಬ್ಬರೂ ಒಟ್ಟಿಗೆ ವಾರ್ಡ್ ಸುತ್ತುವಾಗ ಬೆಡ್ ಕ್ರಮ ಇರಲಿ, ಹಾಳೆಯಲ್ಲಿ ಮಾತ್ರ ಅಪಾಯದ ಕ್ರಮ ಇರಲಿ. ಮನೆಯವರು ಹೇಳುವುದೆಲ್ಲವನ್ನೂ ಬರೆಯಲಾದೀತೇ? ಬೇಡ. ಫ್ಯಾನ್ ತಿರುಗುತ್ತಿಲ್ಲ ಎಂಬ ದೂರು ಇನ್ನೊಂದು ಪುಸ್ತಕಕ್ಕೆ ಹೋಗಲಿ. ‘ಮೊದಲಿನ ಹಾಗಿಲ್ಲ’ ಎಂಬ ಮಾತು, ಅವರಿಗೆ ನಾವು ಕೊಟ್ಟ ಭರವಸೆ, ಅವರಿಗೆ ಇನ್ನೂ ತಿಳಿಸದ ಸುದ್ದಿ, ಈ ಮೂರು ಮಾತ್ರ ಹಾಳೆಯಲ್ಲಿ ಬರಲಿ.

ಆದರೆ ಹಾಳೆಯ ಕ್ರಮ ಬದಲಿಸುವುದು ನರ್ಸ್‌ಗಳಷ್ಟರಿಂದಲೇ ಆಗುವ ಕೆಲಸವಲ್ಲ. ಹೋಗುವವರ ಡ್ಯೂಟಿ 8ಕ್ಕೆ ಮುಗಿದು, ಬರುವವರ ಡ್ಯೂಟಿ 8ಕ್ಕೇ ಶುರುವಾದರೆ, ಹ್ಯಾಂಡ್‌ಓವರ್‌ಗೆಂದು ಲೆಕ್ಕದಲ್ಲಿ ಒಂದು ನಿಮಿಷವೂ ಇಲ್ಲ. ಆ ಹೊತ್ತನ್ನು ನರ್ಸ್ ಮನೆಗೆ ಹೋಗುವ ಹೊತ್ತಿನಿಂದ ಕದಿಯಬೇಕಾಗುತ್ತದೆ, ಕದ್ದ ಹೊತ್ತಿನಲ್ಲಿ ಬೆಡ್ ಕ್ರಮದ ಅವಸರದ ಸಾಲುಗಳೇ ಬರುತ್ತವೆ. ಎರಡು ಪಾಳಿಗಳು 20 ನಿಮಿಷ ಒಂದರ ಮೇಲೊಂದು ಬರುವಂತೆ ರೋಸ್ಟರ್ ಹಾಕಿ, ಆ 20 ನಿಮಿಷಕ್ಕೂ ಸಂಬಳ ಕೊಡುವ ಆಡಳಿತಕ್ಕೆ ಮಾತ್ರ ಒಳ್ಳೆಯ ಟಿಪ್ಪಣಿ ಕೇಳುವ ಹಕ್ಕಿದೆ.