ರೀಚಾರ್ಜ್ ಎಲ್ಲರಿಗೂ ಒಂದೇ, ತೆರಿಗೆಯ ಭಾರ ಒಂದೇನಾ?

ಹೋದ ವಾರ ತಂಗಿ ಮಗಳು ಮುಖ ಊದಿಸಿಕೊಂಡು ಬಂದಳು. ಹತ್ತನೇ ಕ್ಲಾಸು. ಕಿರುಪರೀಕ್ಷೆಯಲ್ಲಿ ‘ಜಿಎಸ್‌ಟಿ ಯಾವ ಬಗೆಯ ತೆರಿಗೆ?’ ಅಂತ ಕೇಳಿದ್ದರಂತೆ. ಇವಳು ‘ಅನುಪಾತೀಯ’ ಅಂತ ಬರೆದಿದ್ದಾಳೆ, ಮೇಷ್ಟ್ರು ಕೆಂಪು ಗೆರೆ ಎಳೆದಿದ್ದಾರೆ.

“ದೊಡ್ಡಮ್ಮ, ನೀವೇ ಹೇಳಿ. ಮೊಬೈಲ್ ರೀಚಾರ್ಜ್‌ಗೆ ಶೇ 18 ಜಿಎಸ್‌ಟಿ. ಬಡವರಿಗೂ ಶೇ 18, ಸಾಹುಕಾರರಿಗೂ ಶೇ 18. ದರ ಎಲ್ಲರಿಗೂ ಒಂದೇ ಆದರೆ ಅದು ಅನುಪಾತೀಯ ಅಲ್ವಾ?”

ಇದು ದಡ್ಡ ಪ್ರಶ್ನೆ ಅಲ್ಲ, ದೊಡ್ಡವರೂ ಇಲ್ಲೇ ಎಡವುತ್ತಾರೆ. ಶೇ 18 ಅನ್ನುವುದು ಸರಿ. ಆದರೆ ಯಾವುದರಲ್ಲಿ ಶೇ 18? ವಸ್ತುವಿನ ಬೆಲೆಯಲ್ಲಿ. ತೆರಿಗೆಯನ್ನು ಪ್ರತಿಗಾಮಿ, ಅನುಪಾತೀಯ, ಪ್ರಗತಿಪರ ಅಂತ ವಿಂಗಡಿಸುವಾಗ ನೋಡಬೇಕಾದ್ದು ಬೆಲೆಯನ್ನಲ್ಲ, ಕಟ್ಟುವವರ ಆದಾಯವನ್ನು. ಆದಾಯ ಏರಿದ ಹಾಗೆ ತೆರಿಗೆಯ ಪಾಲು ಇಳಿದರೆ ಪ್ರತಿಗಾಮಿ, ಅಷ್ಟೇ ಉಳಿದರೆ ಅನುಪಾತೀಯ, ಏರಿದರೆ ಪ್ರಗತಿಪರ.

ಇಬ್ಬರೂ ಪೆನ್ನು ಹಿಡಿದು ಕೂತೆವು. ನಮ್ಮ ಬೀದಿಯ ಮೂರು ಮನೆಗಳನ್ನೇ ತೆಗೆದುಕೊಂಡೆವು. ಆದಾಯ ಮಾತ್ರ ಲೆಕ್ಕಕ್ಕೆ ಅನುಕೂಲವಾಗಲಿ ಅಂತ ನಾವೇ ಇಟ್ಟುಕೊಂಡದ್ದು. ಹೂ ಮಾರುವ ಅಜ್ಜಿಗೆ ತಿಂಗಳಿಗೆ ₹15,000. ಎದುರುಮನೆ ಟೀಚರ್‌ಗೆ ₹50,000. ಮೂಲೆಮನೆಯ ಸಾಫ್ಟ್‌ವೇರ್ ಮ್ಯಾನೇಜರ್‌ಗೆ ₹2,00,000.

ಮೂವರೂ ಒಂದೇ ಪ್ಲಾನ್ ಹಾಕಿಸುತ್ತಾರೆ ಅಂತಿಟ್ಟುಕೊಳ್ಳಿ. ₹200ರ ಪ್ಲಾನ್, ಅದರ ಮೇಲೆ ₹36 ಜಿಎಸ್‌ಟಿ, ಒಟ್ಟು ₹236. ಆ ₹36 ಅಜ್ಜಿಯ ಆದಾಯದಲ್ಲಿ ಶೇ 0.24. ಟೀಚರ್ ಆದಾಯದಲ್ಲಿ ಶೇ 0.072. ಮ್ಯಾನೇಜರ್ ಆದಾಯದಲ್ಲಿ ಶೇ 0.018. ಒಂದೇ ದರ, ಒಂದೇ ಮೊತ್ತ, ಆದರೂ ಅಜ್ಜಿಯ ಮೇಲಿನ ಭಾರ ಮ್ಯಾನೇಜರ್‌ಗಿಂತ ಹದಿಮೂರು ಪಟ್ಟಿಗೂ ಜಾಸ್ತಿ.

ಅವಳು ಸುಲಭಕ್ಕೆ ಒಪ್ಪುವ ಹುಡುಗಿ ಅಲ್ಲ. “ಆದರೆ ಮ್ಯಾನೇಜರ್ ಅಂಕಲ್ ಬೇಕಾದಷ್ಟು ಖರ್ಚು ಮಾಡ್ತಾರಲ್ಲ? ಹೋಟೆಲ್ಲು, ಬಟ್ಟೆ, ಟಿವಿ... ಆಗ ಅವರೇ ಜಾಸ್ತಿ ಕಟ್ಟಿದ ಹಾಗಾಯ್ತಲ್ಲ?”

ನ್ಯಾಯವಾದ ಮಾತು. ಹಾಗಾದರೆ ಇಡೀ ತಿಂಗಳ ಖರ್ಚನ್ನೇ ಹಿಡಿಯೋಣ ಅಂದೆ. ಜಿಎಸ್‌ಟಿಯಲ್ಲಿ ಹಲವು ದರಗಳಿವೆ, ಲೆಕ್ಕ ಸುಲಭವಾಗಲಿ ಅಂತ ಸರಾಸರಿ ಶೇ 10 ಅಂದುಕೊಂಡೆವು. ಬಾಡಿಗೆ, ತರಕಾರಿಯಂಥ ತೆರಿಗೆ ಇಲ್ಲದ ಖರ್ಚು ಬಿಟ್ಟು, ಅಜ್ಜಿ ₹6,000ದ ಸಾಮಾನು ಕೊಂಡರೆ ತೆರಿಗೆ ₹600, ಅಂದರೆ ಆದಾಯದ ಶೇ 4. ಟೀಚರ್ ₹16,000ದ್ದು ಕೊಂಡರೆ ₹1,600, ಶೇ 3.2. ಮ್ಯಾನೇಜರ್ ₹50,000ದ್ದು ಕೊಂಡರೆ ₹5,000, ಶೇ 2.5.

ರೂಪಾಯಿ ಲೆಕ್ಕದಲ್ಲಿ ಮ್ಯಾನೇಜರೇ ಜಾಸ್ತಿ ಕಟ್ಟಿದ್ದು, ಅವಳ ಮಾತು ಅಷ್ಟರ ಮಟ್ಟಿಗೆ ಸರಿ. ಪಾಲಿನ ಲೆಕ್ಕದಲ್ಲಿ ಮಾತ್ರ ಅಜ್ಜಿಯೇ ಮುಂದೆ. ಯಾಕೆ? ಮ್ಯಾನೇಜರ್ ಸಂಬಳದ ದೊಡ್ಡ ಭಾಗ ಅಂಗಡಿಗೆ ಹೋಗುವುದೇ ಇಲ್ಲ. ಅದು ಬ್ಯಾಂಕಿನ ಎಫ್‌ಡಿಗೆ, ಸೈಟಿಗೆ, ಉಳಿತಾಯಕ್ಕೆ ಹೋಗುತ್ತದೆ. ಕೊಳ್ಳುವಾಗ ಬೀಳುವ ತೆರಿಗೆ ಕೊಳ್ಳದೆ ಉಳಿಸಿದ ದುಡ್ಡನ್ನು ಮುಟ್ಟುವುದಿಲ್ಲ. ಅಜ್ಜಿಗೆ ಉಳಿಸೋಕೆ ಏನಿದೆ? ಬಂದದ್ದೆಲ್ಲ ಖರ್ಚು.

ಈ ಭಾರ ಸ್ವಲ್ಪ ಹಗುರವಾಗಲಿ ಅಂತಲೇ ಬಿಡಿಯಾಗಿ ಅಳೆದು ಕೊಡುವ ಅಕ್ಕಿ, ತರಕಾರಿ, ಹಾಲಿಗೆ ಜಿಎಸ್‌ಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗಳ ದರ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಪೆನ್ಸಿಲ್, ನೋಟ್‌ಬುಕ್‌ಗೆ ತೆರಿಗೆಯೇ ಇಲ್ಲ. ಇದರಲ್ಲಿ ಒಂದು ಮಿತಿಯೂ ಇದೆ. ಸೋಪಿನ ತೆರಿಗೆ ಇಳಿಸಿದರೆ ಅಜ್ಜಿಯ ಜೊತೆ ಮ್ಯಾನೇಜರ್‌ಗೂ ಅಷ್ಟೇ ಇಳಿಯುತ್ತದೆ. ಕೊಳ್ಳುವವರು ಯಾರು, ಅವರ ಸಂಬಳ ಎಷ್ಟು ಅಂತ ಅಂಗಡಿ ಬಿಲ್ಲು ಕೇಳುವುದಿಲ್ಲವಲ್ಲ!

ಆದಾಯ ತೆರಿಗೆ ಹಾಗಲ್ಲ, ಅದು ಕೇಳುವುದೇ ಸಂಬಳವನ್ನು. 2025-26ರ ಹೊಸ ಪದ್ಧತಿಯಲ್ಲಿ ವರ್ಷದ ಮೊದಲ ₹4 ಲಕ್ಷಕ್ಕೆ ತೆರಿಗೆ ಇಲ್ಲ. ಆಮೇಲಿನ ಒಂದೊಂದು ₹4 ಲಕ್ಷಕ್ಕೂ ಶೇ 5, 10, 15, 20, 25 ಅಂತ ದರ ಮೆಟ್ಟಿಲು ಹತ್ತುತ್ತದೆ. ₹24 ಲಕ್ಷ ದಾಟಿದ್ದಕ್ಕೆ ಶೇ 30. ತೆರಿಗೆಗೆ ಒಳಪಡುವ ಸಂಬಳ ₹12 ಲಕ್ಷದೊಳಗಿದ್ದರೆ ರಿಯಾಯಿತಿ ಸಿಕ್ಕಿ ಏನೂ ಕಟ್ಟಬೇಕಿಲ್ಲ. ಹಾಗಾಗಿ ಅಜ್ಜಿಗೂ ಸೊನ್ನೆ, ಟೀಚರ್‌ಗೂ ಸೊನ್ನೆ. ಮ್ಯಾನೇಜರ್‌ದು ವರ್ಷಕ್ಕೆ ₹24 ಲಕ್ಷ. ಕಡಿತ, ಸೆಸ್ಸುಗಳನ್ನು ಬದಿಗಿಟ್ಟರೆ ಮೆಟ್ಟಿಲು ಮೆಟ್ಟಿಲಾಗಿ ₹20,000, ₹40,000, ₹60,000, ₹80,000, ₹1,00,000. ಒಟ್ಟು ₹3 ಲಕ್ಷ, ಆದಾಯದ ಶೇ 12.5. ₹16 ಲಕ್ಷ ಇರುವವರಿಗೆ ಇದೇ ಲೆಕ್ಕದಲ್ಲಿ ₹1,20,000, ಶೇ 7.5. ಆದಾಯದ ಜೊತೆ ಪಾಲೂ ಏರಿತು, ಇದು ಪ್ರಗತಿಪರ.

“ಅಯ್ಯೋ, ಹಾಗಾದರೆ ₹16 ಲಕ್ಷದ ಮೇಲೆ ಒಂದು ರೂಪಾಯಿ ಬಂದರೂ ಪೂರ್ತಿ ದುಡ್ಡಿಗೆ ಶೇ 20 ಬೀಳತ್ತಾ?” ಅಂದಳು. ಇಲ್ಲಮ್ಮ, ಆ ಒಂದು ರೂಪಾಯಿಗೆ ಮಾತ್ರ ಶೇ 20, ಅಂದರೆ 20 ಪೈಸೆ. ಕೆಳಗಿನ ಮೆಟ್ಟಿಲುಗಳ ದರ ಹಾಗೇ ಇರುತ್ತದೆ. ಮ್ಯಾನೇಜರ್ ನಿಂತಿದ್ದು ಶೇ 25ರ ಮೆಟ್ಟಿಲಲ್ಲಿ, ಒಟ್ಟು ಆದಾಯಕ್ಕೆ ಬಿದ್ದದ್ದು ಮಾತ್ರ ಶೇ 12.5.

ಹಾಗಾದರೆ ನಿಜವಾದ ಅನುಪಾತೀಯ ಯಾವುದು? ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಆದಾಯ ತೆರಿಗೆ ನೋಡಿ. ಸಂಬಳ ಎಷ್ಟೇ ಇರಲಿ, ದರ ಶೇ 3.07. 1,000 ಡಾಲರ್‌ಗೆ 30.70 ಡಾಲರ್, 10,000ಕ್ಕೆ 307 ಡಾಲರ್. ಇಲ್ಲಿ ಶೇಕಡಾ ಲೆಕ್ಕ ಆದಾಯದ ಮೇಲೇ ಇದೆ, ಬೆಲೆಯ ಮೇಲಲ್ಲ.

ಕೊನೆಗೆ ಅವಳೇ ಟೀಚರ್ ಸಂಬಳದ ಚೀಟಿಯಲ್ಲಿ ಇರುವ ಇನ್ನೊಂದು ಕಡಿತದ ಬಗ್ಗೆ ಕೇಳಿದಳು. ನಮ್ಮ ರಾಜ್ಯದ ವೃತ್ತಿ ತೆರಿಗೆ. ತಿಂಗಳ ಸಂಬಳ ₹25,000 ಮುಟ್ಟಿದರೆ ₹200, ಫೆಬ್ರವರಿಯಲ್ಲಿ ಮಾತ್ರ ₹300. ವರ್ಷಕ್ಕೆ ₹2,500, ಸಂವಿಧಾನ ಅದಕ್ಕಿಂತ ಹೆಚ್ಚು ಹಾಕಲು ಬಿಡುವುದಿಲ್ಲ. “ಇದನ್ನು ನೀನೇ ಲೆಕ್ಕ ಹಾಕು” ಅಂದೆ.

ಐದು ನಿಮಿಷ ಗೀಚಿದಳು. ₹25,000 ಇರುವವರಿಗೆ ₹200 ಅಂದರೆ ಶೇ 0.8. ಟೀಚರ್‌ಗೆ ಶೇ 0.4. ಮ್ಯಾನೇಜರ್‌ಗೆ ಶೇ 0.1. “ಕಟ್ಟುವವರ ನಡುವೆ ಇದು ಪ್ರತಿಗಾಮಿ. ಆದರೆ ಅಜ್ಜಿಯಂಥವರಿಗೆ ಸೊನ್ನೆ ಅಲ್ವಾ, ಅಲ್ಲಿಂದ ₹25,000ಕ್ಕೆ ಬರೋವಾಗ ಪಾಲು ಏರಿತು, ಆಮೇಲೆ ಇಳೀತಾ ಹೋಯ್ತು” ಅಂದಳು. ಒಂದೇ ತೆರಿಗೆಗೆ ಎರಡು ಮುಖ ಇರಬಹುದು ಅನ್ನೋದನ್ನ ನಾನು ಹೇಳಿಕೊಡಬೇಕಾಗಲಿಲ್ಲ.

ಮರುದಿನ ಆ ಹಾಳೆಯನ್ನು ಮೇಷ್ಟ್ರಿಗೆ ತೋರಿಸಿದಳಂತೆ. ಹೋದ ಅಂಕ ವಾಪಸ್ ಬರಲಿಲ್ಲ. ಆದರೆ ಮೂರು ಮನೆಯ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯೋಕೆ ಅವಳನ್ನೇ ಕರೆದರಂತೆ. ನಿಮ್ಮ ಮನೆ ಮಕ್ಕಳ ಕೈಗೂ ಈ ತಿಂಗಳ ಅಂಗಡಿ ಬಿಲ್ಲು ಕೊಟ್ಟು ನೋಡಿ. ಕೆಳಗೆ ಬರೆದಿರುವ ತೆರಿಗೆಯನ್ನು ಒಮ್ಮೆ ಮನೆಯ ಆದಾಯದಿಂದ ಭಾಗಿಸಲಿ, ಇನ್ನೊಮ್ಮೆ ಹೂವಿನ ಅಜ್ಜಿಯ ₹15,000ದಿಂದ ಭಾಗಿಸಲಿ.