ರೆಪೊ ಇಳಿದರೂ ಹಳೆಯ ಸಾಲಗಾರನ ಕಂತು ಏಕೆ ಇಳಿಯುವುದಿಲ್ಲ?

ರಿಸರ್ವ್ ಬ್ಯಾಂಕು 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರವನ್ನು ಶೇ 6.50ರಿಂದ ಶೇ 5.25ಕ್ಕೆ ಇಳಿಸಿತು. ದರ ಇಳಿದಾಗಲೆಲ್ಲ ‘ಸಾಲ ಅಗ್ಗ’ ಎಂಬ ಸುದ್ದಿ ರಾಜ್ಯದಾದ್ಯಂತ ಹರಡಿತು. ಆದರೆ ಸಾಲದ ಬಗೆ ಯಾವುದು, ಅದನ್ನು ಪಡೆದ ವರ್ಷ ಯಾವುದು, ಕೊಟ್ಟ ಸಂಸ್ಥೆ ಎಂತಹುದು ಎಂಬುದನ್ನು ಅವಲಂಬಿಸಿ ಈ ಸುದ್ದಿಯ ಅರ್ಥ ಬದಲಾಗುತ್ತದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ಮಳೆಯಾಶ್ರಿತ ಬೇಸಾಯವೇ ಹೆಚ್ಚಾಗಿರುವ ಈ ಐದು ತಾಲ್ಲೂಕುಗಳಲ್ಲಿ ಬಹುಪಾಲು ಜನರಿಗೆ ಪರಿಚಿತವಾಗಿರುವುದು ಬೆಳೆ ಸಾಲ. ಕಿಸಾನ್ ಕ್ರೆಡಿಟ್ ಕಾರ್ಡಿನ ಅಲ್ಪಾವಧಿ ಬೆಳೆ ಸಾಲಕ್ಕೆ 3 ಲಕ್ಷ ರೂಪಾಯಿವರೆಗೆ ಶೇ 7ರ ಬಡ್ಡಿ ನಿಗದಿಯಾಗಿದ್ದು, ಗಡುವಿನೊಳಗೆ ಮರುಪಾವತಿಸಿದವರಿಗೆ ಅದು ಶೇ 4ಕ್ಕೆ ಇಳಿಯುತ್ತದೆ. ಸಹಕಾರ ಸಂಘಗಳ ಅಲ್ಪಾವಧಿ ಸಾಲದಲ್ಲಿ ಬಡ್ಡಿಯ ಭಾರವನ್ನು ರಾಜ್ಯ ಸರ್ಕಾರವೇ ಹೊರುತ್ತದೆ. ಶೂನ್ಯ ಬಡ್ಡಿಯ ಮಿತಿಯನ್ನು 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಈ ಸಾಲಗಳಲ್ಲಿ ರೈತನು ತೆರುವ ದರವನ್ನು ನಿರ್ಧರಿಸುವುದು ಸರ್ಕಾರದ ಸಹಾಯಧನ, ರೆಪೊ ಅಲ್ಲ. ಟ್ರ್ಯಾಕ್ಟರ್, ದ್ವಿಚಕ್ರ ವಾಹನ ಮತ್ತು ಸ್ವಸಹಾಯ ಗುಂಪಿನ ಕಿರುಸಾಲಗಳು ಸಾಮಾನ್ಯವಾಗಿ ಸ್ಥಿರ ಬಡ್ಡಿಯವು. ಮುಂಬಯಿಯಲ್ಲಿ ದರ ಏರಿದರೂ ಇಳಿದರೂ ಅವುಗಳ ಕಂತು ಬದಲಾಗದು.

ರೆಪೊ ಬದಲಾವಣೆಯ ಪೆಟ್ಟು ಅಥವಾ ಲಾಭ ನೇರವಾಗಿ ತಟ್ಟುವುದು ಬ್ಯಾಂಕಿನಲ್ಲಿ ಗೃಹಸಾಲ ಪಡೆದ ಶಿಕ್ಷಕರು, ನೌಕರರು ಹಾಗೂ ವ್ಯಾಪಾರದ ಸಾಲ ಪಡೆದ ಪಟ್ಟಣದ ಅಂಗಡಿಕಾರರಿಗೆ. ಇವರ ಸಾಲ ಬಹುತೇಕ ಬದಲಾಗುವ ಬಡ್ಡಿಯದು, ಅಂದರೆ ಫ್ಲೋಟಿಂಗ್ ದರದ್ದು.

ಸಾಲ ಪಡೆದ ವರ್ಷವೇ ನಿರ್ಣಾಯಕ

ಬದಲಾಗುವ ಬಡ್ಡಿಗೆ ಎರಡು ಭಾಗಗಳಿವೆ. ಒಂದು, ಕಾಲಕ್ಕೆ ತಕ್ಕಂತೆ ಏರಿಳಿಯುವ ಮಾನದಂಡ. ಇನ್ನೊಂದು, ಅದರ ಮೇಲೆ ಬ್ಯಾಂಕು ಸೇರಿಸುವ ಹೆಚ್ಚುವರಿ ಅಂಶ. 2010ರ ಜುಲೈನಲ್ಲಿ ‘ಬೇಸ್ ರೇಟ್’ ಹಾಗೂ 2016ರ ಏಪ್ರಿಲ್‌ನಲ್ಲಿ ‘ಎಂಸಿಎಲ್‌ಆರ್’ ಎಂಬ ಮಾನದಂಡಗಳು ಜಾರಿಗೆ ಬಂದವು. ಇವೆರಡನ್ನೂ ಲೆಕ್ಕ ಹಾಕುತ್ತಿದ್ದುದು ಆಯಾ ಬ್ಯಾಂಕುಗಳೇ. ರಿಸರ್ವ್ ಬ್ಯಾಂಕು ದರ ಇಳಿಸಿದರೂ ಅದು ಹಳೆಯ ಸಾಲಗಾರರಿಗೆ ತಲುಪುತ್ತಿಲ್ಲವೆಂಬ ದೂರು ಬಲವಾದಾಗ ಜನಕ್ ರಾಜ್ ನೇತೃತ್ವದ ಅಧ್ಯಯನ ತಂಡವೊಂದು ರಚನೆಯಾಯಿತು. ಬ್ಯಾಂಕುಗಳು ತಮ್ಮದೇ ರೀತಿಯಲ್ಲಿ ಲೆಕ್ಕ ಹಾಕುತ್ತಿದ್ದುದನ್ನು ಗುರುತಿಸಿದ ತಂಡ, ಬ್ಯಾಂಕಿನ ಹಿಡಿತದಲ್ಲಿಲ್ಲದ ಮಾನದಂಡ ಬೇಕೆಂದು 2017ರಲ್ಲಿ ಶಿಫಾರಸು ಮಾಡಿತು.

ಅದರ ಫಲವಾಗಿ 2019ರ ಅಕ್ಟೋಬರ್ 1ರಿಂದ ವಾಣಿಜ್ಯ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಗೃಹಸಾಲ, ವೈಯಕ್ತಿಕ ಸಾಲ ಮತ್ತು ಸಣ್ಣ ಉದ್ದಿಮೆ ಸಾಲಗಳನ್ನು ರೆಪೊದಂತಹ ಬಾಹ್ಯ ಮಾನದಂಡಕ್ಕೆ ಜೋಡಿಸುವುದು ಕಡ್ಡಾಯವಾಯಿತು. ಕನಿಷ್ಠ ಮೂರು ತಿಂಗಳಿಗೊಮ್ಮೆ ದರವನ್ನು ಮರುನಿಗದಿ ಮಾಡಬೇಕೆಂಬ ಷರತ್ತೂ ಇದೆ. ಆದರೆ ಈ ಆದೇಶ ಗ್ರಾಮೀಣ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ ಹಾಗೂ ಗೃಹಸಾಲದ ಖಾಸಗಿ ಕಂಪನಿಗಳಿಗೆ ಅನ್ವಯಿಸಲಿಲ್ಲ. ಒಂದೇ ಬೀದಿಯ ಎರಡು ಮನೆಗಳ ಸಾಲಕ್ಕೆ ಒಂದೇ ರೆಪೊ ಇಳಿಕೆ ಬೇರೆ ಬೇರೆ ಫಲ ಕೊಡುವುದು ಈ ಕಾರಣದಿಂದ. ಒಂದಕ್ಕೆ ಮೂರು ತಿಂಗಳೊಳಗೆ ಪೂರ್ಣ ಲಾಭ ಸಿಕ್ಕರೆ, ಹಳೆಯ ಮಾನದಂಡದಲ್ಲೇ ಉಳಿದ ಇನ್ನೊಂದಕ್ಕೆ ತಡವಾಗಿ ಅಲ್ಪಸ್ವಲ್ಪ ಸಿಗಬಹುದು, ಸಿಗದೆಯೂ ಇರಬಹುದು.

ಕಂತು ಅಷ್ಟೇ, ವರ್ಷ ಮಾತ್ರ ಹೆಚ್ಚು

ದರ ಏರಿದಾಗ ಆಗುವುದೇನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕೊಟ್ಟೂರಿನ ಶಿಕ್ಷಕರೊಬ್ಬರು 2021ರ ಅಕ್ಟೋಬರ್‌ನಲ್ಲಿ 20 ಲಕ್ಷ ರೂಪಾಯಿ ಗೃಹಸಾಲವನ್ನು 20 ವರ್ಷಗಳ ಅವಧಿಗೆ ಪಡೆದರೆಂದು ಭಾವಿಸೋಣ. ಆಗ ರೆಪೊ ಶೇ 4 ಇತ್ತು. ಬ್ಯಾಂಕಿನ ಹೆಚ್ಚುವರಿ ಅಂಶ ಶೇ 2.75 ಎಂದಿಟ್ಟುಕೊಂಡರೆ ಬಡ್ಡಿ ಶೇ 6.75 ಆಗುತ್ತದೆ, ತಿಂಗಳ ಕಂತು 15,207 ರೂಪಾಯಿ.

2022ರ ಮೇಯಿಂದ 2023ರ ಫೆಬ್ರುವರಿಯವರೆಗೆ ರೆಪೊ ಆರು ಬಾರಿ ಏರಿ ಶೇ 6.50 ತಲುಪಿತು. ಸಾಲದ ಬಡ್ಡಿ ಶೇ 9.25 ಆಯಿತು. ಲೆಕ್ಕದ ಸರಳತೆಗಾಗಿ ಈ ಏರಿಕೆಯೆಲ್ಲ 18 ಕಂತು ತುಂಬಿದ ಬಳಿಕ ಒಮ್ಮೆಲೇ ಬಂತೆಂದು ಇಟ್ಟುಕೊಳ್ಳೋಣ. ಆ ಹೊತ್ತಿಗೆ ಉಳಿದ ಅಸಲು ಸುಮಾರು 19.25 ಲಕ್ಷ ರೂಪಾಯಿ. ಹೊಸ ದರದಲ್ಲಿ ಅದರ ಒಂದು ತಿಂಗಳ ಬಡ್ಡಿಯೇ 14,840 ರೂಪಾಯಿ. ಹಳೆಯ ಕಂತನ್ನೇ ಮುಂದುವರಿಸಿದರೆ ಅಸಲಿಗೆ ಸಲ್ಲುವುದು ಕೇವಲ 367 ರೂಪಾಯಿ. ಉಳಿದಿದ್ದ 222 ಕಂತುಗಳು ಸುಮಾರು 485ಕ್ಕೆ ಏರುತ್ತವೆ. ಹದಿನೆಂಟೂವರೆ ವರ್ಷದ ಬಾಕಿ ಅವಧಿ ನಲವತ್ತು ವರ್ಷ ದಾಟುತ್ತದೆ.

ಅವಧಿಯನ್ನು ಹಾಗೆಯೇ ಉಳಿಸಿಕೊಳ್ಳಬೇಕಾದರೆ ಕಂತು 18,139 ರೂಪಾಯಿಗೆ ಏರಬೇಕು. ತಿಂಗಳಿಗೆ 2,932 ರೂಪಾಯಿ ಹೆಚ್ಚು ನಿಜ. ಆದರೆ ಮುಂದೆ ಕಟ್ಟಬೇಕಾದ ಒಟ್ಟು ಮೊತ್ತವನ್ನು ಹೋಲಿಸಿದರೆ, ಹಳೆಯ ಕಂತಿನ ದಾರಿಯಲ್ಲಿ ಅದು ಸುಮಾರು 73.75 ಲಕ್ಷ, ಏರಿಸಿದ ಕಂತಿನ ದಾರಿಯಲ್ಲಿ ಸುಮಾರು 40.27 ಲಕ್ಷ ರೂಪಾಯಿ. ನಿವೃತ್ತಿಯ ವಯಸ್ಸಿನ ಮಿತಿ ಇರುವುದರಿಂದ ಬ್ಯಾಂಕುಗಳು ನಲವತ್ತು ವರ್ಷದವರೆಗೆ ಎಳೆಯುವುದಿಲ್ಲ. ಅವಧಿಯನ್ನು ಒಂದಿಷ್ಟು, ಕಂತನ್ನು ಒಂದಿಷ್ಟು ಹೆಚ್ಚಿಸುತ್ತವೆ. ಆದರೂ ಕಂತು ಬದಲಾಗದಿದ್ದುದನ್ನು ಕಂಡು ‘ನಮಗೇನೂ ತೊಂದರೆಯಾಗಲಿಲ್ಲ’ ಎಂದು ಭಾವಿಸಿದವರು ಅನೇಕರು. ಭಾರ ಬಿದ್ದುದು ಕಂತಿನ ಮೇಲಲ್ಲ, ವರ್ಷಗಳ ಮೇಲೆ.

ಮೇಲಿನ ಉದಾಹರಣೆಯಲ್ಲಿ ದರ ಇನ್ನು ಕಾಲು ಶೇಕಡಾ ಏರಿದ್ದರೂ ಕಂತು ಬಡ್ಡಿಗೇ ಸಾಲದೆ, ಬಾಕಿ ಬಡ್ಡಿ ಅಸಲಿಗೆ ಸೇರಿ ಸಾಲವೇ ಬೆಳೆಯುತ್ತಿತ್ತು. ಇದಕ್ಕೆ ತಡೆ ಬಿದ್ದುದು 2023ರ ಆಗಸ್ಟ್ 18ರ ಸುತ್ತೋಲೆಯಿಂದ. ದರ ಬದಲಾದಾಗ ಕಂತು, ಅವಧಿ ಅಥವಾ ಎರಡರ ಮೇಲೂ ಆಗುವ ಪರಿಣಾಮವನ್ನು ಸಾಲಗಾರನಿಗೆ ತಿಳಿಸಬೇಕು. ಕಂತು ಏರಿಸಬೇಕೇ, ಅವಧಿ ಹಿಗ್ಗಿಸಬೇಕೇ ಎಂಬ ಆಯ್ಕೆಯನ್ನು ಅವನಿಗೆ ಕೊಡಬೇಕು. ಅವಧಿ ಹಿಗ್ಗಿಸಿ ಅಸಲು ಬೆಳೆಯುವಂತೆ ಮಾಡಬಾರದು ಎಂದು ಅದು ವಿಧಿಸಿತು. ಹಳೆಯ ಸಾಲಗಳಿಗೂ ಈ ನಿಯಮ ಅನ್ವಯವಾಯಿತು. ಇದುವರೆಗೆ ವಸೂಲಾದ ಅಸಲು ಮತ್ತು ಬಡ್ಡಿ, ಕಂತಿನ ಮೊತ್ತ, ಬಾಕಿ ಕಂತುಗಳ ಸಂಖ್ಯೆ ಹಾಗೂ ವಾರ್ಷಿಕ ದರ ಇವಿಷ್ಟನ್ನು ಮೂರು ತಿಂಗಳಿಗೊಮ್ಮೆ ಲೆಕ್ಕಪತ್ರದಲ್ಲಿ ಕೊಡಬೇಕೆಂಬುದು ಅದರ ಇನ್ನೊಂದು ಭಾಗ. ಸಾಲಗಾರನು ಮೊದಲು ನೋಡಬೇಕಾದುದು ಈ ಬಾಕಿ ಕಂತುಗಳ ಸಂಖ್ಯೆಯನ್ನು. ಮೂರು ಕಂತು ಕಟ್ಟಿದ ಮೇಲೂ ಅದು ಮೂರು ಕಡಿಮೆಯಾಗಿರದಿದ್ದರೆ ಅವಧಿ ಹಿಗ್ಗಿದೆಯೆಂದೇ ಅರ್ಥ.

ದರ ಇಳಿದಾಗ

ಅದೇ ಶಿಕ್ಷಕರು 2023ರಲ್ಲಿ ಕಂತನ್ನು ಏರಿಸಿಕೊಂಡಿದ್ದರೆ 2026ರ ಆರಂಭದ ವೇಳೆಗೆ ಸುಮಾರು 18 ಲಕ್ಷ ರೂಪಾಯಿ ಅಸಲು, 189 ಕಂತುಗಳು ಉಳಿದಿರುತ್ತವೆ. 2025ರ ಇಳಿಕೆಯಿಂದ ದರ ಶೇ 8ಕ್ಕೆ ಬರುತ್ತದೆ. ಈಗ ಅವರ ಮುಂದೆ ಎರಡು ದಾರಿಗಳಿವೆ. ಕಂತನ್ನು 16,797 ರೂಪಾಯಿಗೆ ಇಳಿಸಿಕೊಂಡು ಅಷ್ಟೇ ಅವಧಿ ಮುಂದುವರಿಸುವುದು ಒಂದು. ಹಳೆಯ 18,139 ರೂಪಾಯಿಯನ್ನೇ ಕಟ್ಟುತ್ತ 164 ಕಂತುಗಳಲ್ಲಿ ಸಾಲ ಮುಗಿಸುವುದು ಇನ್ನೊಂದು. ಎರಡನೆಯದರಲ್ಲಿ ಎರಡು ವರ್ಷ ಮೊದಲೇ ಋಣ ತೀರುವುದಲ್ಲದೆ ಸುಮಾರು 2 ಲಕ್ಷ ರೂಪಾಯಿ ಉಳಿಯುತ್ತದೆ. ದರ ಇಳಿದರೂ ಕಂತು ಇಳಿಯದಿರುವುದಕ್ಕೆ ಹಲವೆಡೆ ಕಾರಣ ಇದೇ; ಲಾಭ ಅವಧಿಯಲ್ಲಿ ಸೇರಿಹೋಗಿರುತ್ತದೆ.

ಆದರೆ ಹೊಸ ಸಾಲಗಾರನಿಗೂ ಹಳೆಯವನಿಗೂ ಇನ್ನೊಂದು ಅಂತರ ಉಳಿಯುತ್ತದೆ. ಪೈಪೋಟಿ ಹೆಚ್ಚಿದಾಗ ಬ್ಯಾಂಕುಗಳು ಹೊಸಬರಿಗೆ ಹೆಚ್ಚುವರಿ ಅಂಶವನ್ನೇ ಕಡಿಮೆ ಮಾಡುತ್ತವೆ. ಹಳೆಯ ಸಾಲದಲ್ಲಿ ಆ ಅಂಶದ ಕೆಲವು ಭಾಗಗಳನ್ನು ಮೂರು ವರ್ಷಕ್ಕೊಮ್ಮೆ ಮಾತ್ರ ಬದಲಿಸಬಹುದೆಂಬ ನಿಯಮವಿತ್ತು. 2025ರ ಅಕ್ಟೋಬರ್ 1ರಿಂದ ಗ್ರಾಹಕನ ಹಿತಕ್ಕಾಗಿ ಅದಕ್ಕೂ ಮೊದಲೇ ಇಳಿಸಲು ಬ್ಯಾಂಕುಗಳಿಗೆ ಅನುಮತಿ ದೊರೆತಿದೆ. ಇದು ಅನುಮತಿಯೇ ಹೊರತು ಕಡ್ಡಾಯವಲ್ಲ. ಕೇಳದವರಿಗೆ ತಾನಾಗಿ ಸಿಗುವ ಸಂಭವ ಕಡಿಮೆ.

ಸ್ಥಿರ ಬಡ್ಡಿ ಎಷ್ಟು ಸ್ಥಿರ?

ಹಾಗಾದರೆ ಸ್ಥಿರ ಬಡ್ಡಿಯೇ ಲೇಸಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಮೇಲಿನ ಸಾಲವನ್ನೇ 2021ರಲ್ಲಿ ಶೇ 9ರ ಸ್ಥಿರ ದರಕ್ಕೆ ಪಡೆದಿದ್ದರೆ ಕಂತು 17,995 ರೂಪಾಯಿ. ಮೊದಲ 18 ತಿಂಗಳು ಅವರು ತಿಂಗಳಿಗೆ 2,788 ರೂಪಾಯಿ ಹೆಚ್ಚು ತೆರುತ್ತಿದ್ದರು. ದರ ಉತ್ತುಂಗದಲ್ಲಿದ್ದ ಕಾಲದಲ್ಲಿ ಅವರಿಗೆ ಉಳಿಯುತ್ತಿದ್ದುದು ತಿಂಗಳಿಗೆ ಕೇವಲ 144 ರೂಪಾಯಿ. ರೆಪೊ ಎರಡೂವರೆ ಶೇಕಡಾ ಏರಿದ ಕಾಲದಲ್ಲೂ ಸ್ಥಿರ ದರ ಇಷ್ಟೇ ಗಳಿಸಿತು, ಏಕೆಂದರೆ ಏರಿಕೆಯ ಭಯದ ಬೆಲೆಯನ್ನು ಬ್ಯಾಂಕು ಮೊದಲೇ ದರದಲ್ಲಿ ಸೇರಿಸಿರುತ್ತದೆ. ಇದಲ್ಲದೆ ‘ಸ್ಥಿರ’ ಎಂಬ ಗೃಹಸಾಲಗಳಲ್ಲಿ ಕೆಲವು ವರ್ಷಗಳ ಬಳಿಕ ದರ ಪರಿಷ್ಕರಿಸುವ ಷರತ್ತು ಇರುವುದುಂಟು. ಒಪ್ಪಂದಪತ್ರದಲ್ಲಿ ಅದನ್ನು ಹುಡುಕಬೇಕು. ನಡುವೆ ಸ್ಥಿರ ದರಕ್ಕೆ ಬದಲಾಯಿಸಿಕೊಳ್ಳುವ ಅವಕಾಶವನ್ನು 2023ರ ಸುತ್ತೋಲೆ ನೀಡಿತ್ತು. 2025ರ ಅಕ್ಟೋಬರ್‌ನಿಂದ ಅದನ್ನು ಬ್ಯಾಂಕಿನ ವಿವೇಚನೆಗೆ ಬಿಡಲಾಗಿದೆ.

ಬದಲಾಗುವ ಬಡ್ಡಿಗೆ ಈ ಭಾಗಕ್ಕೆ ಹೊಂದುವ ಇನ್ನೊಂದು ಅನುಕೂಲವಿದೆ. ವ್ಯಕ್ತಿಗಳು ಪಡೆದ ಇಂತಹ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ ಎಂಬ ನಿಯಮ 2012ರಿಂದಲೇ ಇದೆ. 2026ರ ಜನವರಿ 1ರಂದು ಅಥವಾ ಆ ಬಳಿಕ ಮಂಜೂರಾದ ಅಥವಾ ನವೀಕರಣಗೊಂಡ, ವ್ಯಕ್ತಿಗಳ ಹಾಗೂ ಸಣ್ಣ ಉದ್ದಿಮೆಗಳ ವ್ಯಾಪಾರ ಸಾಲಗಳಿಗೂ ಇದು ವಿಸ್ತರಿಸಿದೆ. ಗ್ರಾಮೀಣ ಬ್ಯಾಂಕುಗಳಲ್ಲಿ ಇದರ ಮಿತಿ 50 ಲಕ್ಷ ರೂಪಾಯಿ. ಹರಪನಹಳ್ಳಿಯ ಮೆಕ್ಕೆಜೋಳದ ಸುಗ್ಗಿ ಮುಗಿದಾಗ ಅಂಗಡಿಕಾರನ ಕೈಯಲ್ಲಿ ಹಣವಿರುತ್ತದೆ, ಬೇಸಿಗೆಯಲ್ಲಿ ಇರುವುದಿಲ್ಲ. ಸುಗ್ಗಿಯ ಹಣದಲ್ಲಿ ಒಂದಿಷ್ಟನ್ನು ನೇರವಾಗಿ ಅಸಲಿಗೆ ಕಟ್ಟಿದರೆ ಅಂದಿನಿಂದಲೇ ಬಡ್ಡಿ ಇಳಿಯುತ್ತದೆ. ಸ್ಥಿರ ಬಡ್ಡಿಯ ವಾಹನ ಸಾಲದಲ್ಲಾದರೆ ಇದಕ್ಕೆ ಶುಲ್ಕ ಬೀಳಬಹುದು.

ಹಳೆಯ ಸಾಲಗಾರನು ಶಾಖೆಯಲ್ಲಿ ಕೇಳಬೇಕಾದುವು ಮೂರು ಸಂಗತಿಗಳು: ಸಾಲ ಯಾವ ಮಾನದಂಡದಲ್ಲಿದೆ, ಅದರ ಮೇಲಿನ ಹೆಚ್ಚುವರಿ ಅಂಶ ಎಷ್ಟು, ಬಾಕಿ ಕಂತುಗಳು ಎಷ್ಟು. ಮಾನದಂಡ ಹಳೆಯದಾಗಿದ್ದರೆ ರೆಪೊಗೆ ಬದಲಾಯಿಸಲು, ಹೆಚ್ಚುವರಿ ಅಂಶ ಹೊಸಬರಿಗಿಂತ ಅಧಿಕವಾಗಿದ್ದರೆ ಇಳಿಸಲು ಲಿಖಿತ ಅರ್ಜಿ ಸಲ್ಲಿಸಬಹುದು. ಬದಲಾವಣೆಗೆ ಶುಲ್ಕವಿದ್ದರೆ ಅದನ್ನು ಉಳಿಯುವ ಬಡ್ಡಿಯೊಡನೆ ತೂಗಿ ನೋಡಬೇಕು. ಸಾಲದ ಆರಂಭದ ವರ್ಷಗಳಲ್ಲಿ ಅಸಲು ಹೆಚ್ಚಿರುವುದರಿಂದ ಬದಲಾವಣೆ ಲಾಭದಾಯಕ. ಕೊನೆಯ ಎರಡು ಮೂರು ವರ್ಷಗಳಷ್ಟೇ ಉಳಿದಿದ್ದರೆ ಶುಲ್ಕವೇ ಉಳಿತಾಯವನ್ನು ಮೀರಬಹುದು.